ನಾಲ್ಕು ಪುಟದ ಮ್ಯಾನೇಜರ್ ಸಿ.ವಿ.ಯನ್ನು ವಿದೇಶದ ಕೆಲಸಕ್ಕಾಗಿ ಎರಡು ಪುಟಕ್ಕೆ ಇಳಿಸುವುದು ಹೇಗೆ?

ಹದಿನೈದು, ಇಪ್ಪತ್ತು ವರ್ಷ ಕೆಲಸ ಮಾಡಿದವರ ಸಿ.ವಿ. ನಾಲ್ಕು ಪುಟ ಆಗಿರುತ್ತದೆ. ಎರಡು ಪುಟ ಮಾಡಿ ಎಂದರೆ ಹೆಚ್ಚಿನವರು ಮೊದಲು ಕೈಹಾಕುವುದು ಫಾಂಟ್‌ಗೆ. 11 ಇದ್ದದ್ದು 9 ಆಗುತ್ತದೆ, ಮಾರ್ಜಿನ್ ಒಂದು ಸೆಂಟಿಮೀಟರಿಗೆ ಇಳಿಯುತ್ತದೆ, ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗಲೂ ಮೂರು ಪುಟ. ಆಮೇಲೆ ಪ್ರತಿ ಬುಲೆಟ್‌ನಿಂದ ಎರಡೆರಡು ಪದ ಕಿತ್ತುಹಾಕುತ್ತಾರೆ. ಕೊನೆಗೆ ಹೇಗೋ ಎರಡು ಪುಟದಲ್ಲಿ ಕೂತುಕೊಳ್ಳುತ್ತದೆ, ಆದರೆ ಓದಲು ಆಗುವುದಿಲ್ಲ. ಹತ್ತು ವರ್ಷದ ಹಿಂದಿನ ಕೆಲಸಕ್ಕೂ ಈಗಿನ ಕೆಲಸಕ್ಕೂ ಅಷ್ಟೇ ಜಾಗ ಸಿಕ್ಕಿರುತ್ತದೆ.

ತಪ್ಪು ಆಗುವುದು ಕ್ರಮದಲ್ಲಿ. ಯಾವುದಕ್ಕೆ ಎಷ್ಟು ಜಾಗ ಎಂದು ಮೊದಲು ತೀರ್ಮಾನ ಆಗಬೇಕು. ಆಮೇಲೆ ಇಡೀ ಭಾಗಗಳು ಹೋಗಬೇಕು, ಆಮೇಲೆ ಬುಲೆಟ್‌ಗಳು, ಆಮೇಲೆ ಪದಗಳು. ಫಾಂಟ್ ಮತ್ತು ಮಾರ್ಜಿನ್ ಬರುವುದು ಕಟ್ಟಕಡೆಗೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ನಡುವೆ ಹಾರಿ ಮುಂದೆ ಹೋಗಬೇಡಿ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಇದು ವಿವರಿಸಲಿಕ್ಕೆಂದೇ ಕಟ್ಟಿದ ಸಿ.ವಿ. ಆಹಾರದ ಪ್ಯಾಕೇಜಿಂಗ್ ತಯಾರಿಸುವ ಕಂಪನಿಯ ಆಪರೇಶನ್ಸ್ ಮುಖ್ಯಸ್ಥೆಯೊಬ್ಬರು, 20 ವರ್ಷದ ಅನುಭವ, ನಾಲ್ಕು ಕಂಪನಿ. ಬ್ರಿಟನ್‌ನಲ್ಲಿ ಆಪರೇಶನ್ಸ್ ಡೈರೆಕ್ಟರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ. ಸಿ.ವಿ. ಇಂಗ್ಲಿಷಿನಲ್ಲಿರುತ್ತದೆ, ಇಲ್ಲಿ ಅದರ ಸಾಲುಗಳ ಅರ್ಥವನ್ನಷ್ಟೇ ಕನ್ನಡದಲ್ಲಿ ಕೊಟ್ಟಿದ್ದೇನೆ.

## ಶುರು ಮಾಡುವ ಮೊದಲು ಬೇಕಾದದ್ದು

ಈಗಿನ ಸಿ.ವಿ.ಯ ವರ್ಡ್ ಫೈಲ್, ಅದರ ಒಂದು ಪ್ರಿಂಟ್, ಕೆಲಸದ ಜಾಹೀರಾತಿನ ಪ್ರಿಂಟ್, ಎರಡು ಬಣ್ಣದ ಪೆನ್. ಅಷ್ಟು ಸಾಕು. ಕಂಪ್ಯೂಟರ್ ಪರದೆಯ ಮೇಲೆ ಕತ್ತರಿಸಲು ಕೂತರೆ ಒಂದೊಂದೇ ಪದ ತಿದ್ದುವ ಚಪಲ ಹತ್ತುತ್ತದೆ. ಕಾಗದದ ಮೇಲಾದರೆ ಇಡೀ ಪ್ಯಾರಾಕ್ಕೆ ಅಡ್ಡಗೆರೆ ಎಳೆಯಲು ಧೈರ್ಯ ಬರುತ್ತದೆ.

ಇನ್ನೊಂದು ಮಾತು. ಎರಡು ಪುಟ ಎನ್ನುವುದು ಎಲ್ಲ ಕಡೆಯೂ ಒಂದೇ ನಿಯಮವಲ್ಲ. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಎರಡು ಪುಟವೇ ರೂಢಿ. ಅಮೆರಿಕ, ಕೆನಡಾದಲ್ಲಿ ಹಿರಿಯ ಹುದ್ದೆಗೆ ಎರಡು ಪುಟ ಒಪ್ಪುತ್ತಾರೆ, ಅದಕ್ಕಿಂತ ಜಾಸ್ತಿ ಬೇಡ. ಆಸ್ಟ್ರೇಲಿಯಾದಲ್ಲಿ ಮೂರ್ನಾಲ್ಕು ಪುಟದ ಸಿ.ವಿ.ಯನ್ನೂ ಸಾಮಾನ್ಯವಾಗಿ ನೋಡುತ್ತಾರೆ. ಯೂನಿವರ್ಸಿಟಿ ಮತ್ತು ಸಂಶೋಧನೆಯ ಹುದ್ದೆಗಳ ಲೆಕ್ಕವೇ ಬೇರೆ. ಜಾಹೀರಾತಿನಲ್ಲಿ ಪುಟದ ಮಿತಿ ಬರೆದಿದ್ದರೆ ಅದೇ ಕೊನೆಯ ಮಾತು.

## ಹಂತ 1: ತಾಯಿ ಪ್ರತಿ ಮಾಡಿ ಪಕ್ಕಕ್ಕಿಡಿ

ನಾಲ್ಕು ಪುಟದ ಫೈಲನ್ನು Save As ಕೊಟ್ಟು ಬೇರೆ ಹೆಸರಿನಲ್ಲಿ ಉಳಿಸಿ. ಹಳೆಯದು ತಾಯಿ ಪ್ರತಿ. ಅದರಿಂದ ಏನನ್ನೂ ತೆಗೆಯಬೇಡಿ. ಹೊಸ ಸಾಧನೆ ಆದಾಗ ಅಲ್ಲಿಗೆ ಸೇರಿಸುತ್ತಾ ಹೋಗಿ, ಅದು ಆರು ಪುಟ ಆದರೂ ಪರವಾಗಿಲ್ಲ. ಅದನ್ನು ಯಾರಿಗೂ ಕಳಿಸುವುದಿಲ್ಲ.

ಇದು ಚಿಕ್ಕ ಹಂತ ಅನ್ನಿಸಬಹುದು. ಆದರೆ ತಾಯಿ ಪ್ರತಿ ಇಲ್ಲದವರು ಕತ್ತರಿಸಲು ಹೆದರುತ್ತಾರೆ. ತೆಗೆದದ್ದು ಎಲ್ಲೂ ಹೋಗಿಲ್ಲ ಎಂದು ಗೊತ್ತಿದ್ದರೆ ಕೈ ಸಲೀಸಾಗಿ ಓಡುತ್ತದೆ.

## ಹಂತ 2: ಜಾಹೀರಾತಿನಿಂದ ಐದು ಬೇಡಿಕೆ ಹೆಕ್ಕಿ

ಜಾಹೀರಾತನ್ನು ಓದಿ, ಅವರು ನಿಜಕ್ಕೂ ಕೇಳುತ್ತಿರುವುದರ ಕೆಳಗೆ ಗೆರೆ ಎಳೆಯಿರಿ. ಐದು, ಹೆಚ್ಚೆಂದರೆ ಆರು. "ಒಳ್ಳೆಯ ಸಂವಹನ ಕೌಶಲ", "ತಂಡದ ಜೊತೆ ಬೆರೆಯುವ ಗುಣ" ಇಂಥವು ಎಲ್ಲ ಜಾಹೀರಾತಿನಲ್ಲೂ ಇರುತ್ತವೆ, ಅವನ್ನು ಬಿಡಿ. ಒಂದಕ್ಕಿಂತ ಹೆಚ್ಚು ಸಲ ಬಂದ ವಿಷಯ ಮತ್ತು ಪಟ್ಟಿಯ ಮೊದಲಲ್ಲಿರುವ ವಿಷಯ, ಇವೆರಡು ಮುಖ್ಯ.

ನಮ್ಮ ಉದಾಹರಣೆಯ ಜಾಹೀರಾತಿನಲ್ಲಿ ಸಿಕ್ಕ ಐದು ಇವು: ಒಂದಕ್ಕಿಂತ ಹೆಚ್ಚು ಕಾರ್ಖಾನೆ ನಡೆಸಿದ ಅನುಭವ, ಲಾಭ ನಷ್ಟದ ಜವಾಬ್ದಾರಿ, ವೇಸ್ಟ್ ಕಡಿಮೆ ಮಾಡಿದ್ದು, ಕೆಲಸದ ಜಾಗದ ಸುರಕ್ಷತೆ, ಕಾರ್ಮಿಕ ಸಂಘಗಳ ಜೊತೆ ಮಾತುಕತೆ.

ಈಗ ಸಿ.ವಿ.ಯ ಪ್ರಿಂಟ್ ತೆಗೆದುಕೊಂಡು, ಈ ಐದರಲ್ಲಿ ಒಂದಕ್ಕಾದರೂ ಸಾಕ್ಷಿ ಕೊಡುವ ಪ್ರತಿ ಬುಲೆಟ್‌ಗೆ ಒಂದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಯಾವುದಕ್ಕೂ ಸಂಬಂಧವಿಲ್ಲದ್ದಕ್ಕೆ ಇನ್ನೊಂದು ಬಣ್ಣ. ಎರಡನೇ ಬಣ್ಣ ಮೊದಲನೆಯದಕ್ಕಿಂತ ಎಷ್ಟು ಜಾಸ್ತಿ ಇದೆ ಎಂದು ನೋಡಿ ಗಾಬರಿಯಾಗಬೇಡಿ. ಕತ್ತರಿಸಲು ಸಿಗುವ ಜಾಗವೇ ಅದು.

ಎಚ್ಚರಿಕೆ: ಐದು ಬೇಡಿಕೆಯಲ್ಲಿ ಎರಡಕ್ಕೆ ಮಾತ್ರ ಸಾಕ್ಷಿ ಸಿಕ್ಕರೆ ತೊಂದರೆ ಪುಟದ್ದಲ್ಲ. ಒಂದೋ ಹುದ್ದೆ ನಿಮಗೆ ಹೊಂದುವುದಿಲ್ಲ, ಇಲ್ಲವೇ ಮಾಡಿದ ಕೆಲಸವನ್ನು ನೀವು ಸಿ.ವಿ.ಯಲ್ಲಿ ಬರೆದೇ ಇಲ್ಲ. ಎರಡನೆಯದೇ ಜಾಸ್ತಿ ಆಗುವುದು. ನಮ್ಮ ಉದಾಹರಣೆಯ ಮ್ಯಾನೇಜರ್ ಎರಡು ಸಲ ಸಂಘದ ಜೊತೆ ವೇತನ ಒಪ್ಪಂದ ಮಾಡಿಸಿದ್ದರು. ನಾಲ್ಕು ಪುಟದಲ್ಲಿ ಎಲ್ಲೂ ಅದರ ಸುಳಿವೇ ಇರಲಿಲ್ಲ, ಎಚ್.ಆರ್. ಕೆಲಸ ಎಂದು ಬಿಟ್ಟುಬಿಟ್ಟಿದ್ದರು.

## ಹಂತ 3: ಸಾಲುಗಳ ಬಜೆಟ್ ಹಾಕಿ

ಎ4 ಹಾಳೆಯಲ್ಲಿ ಎಲ್ಲ ಕಡೆ 2 ಸೆಂಟಿಮೀಟರ್ ಮಾರ್ಜಿನ್ ಬಿಟ್ಟು, 10.5 ಅಥವಾ 11ರ ಫಾಂಟ್ ಬಳಸಿ, ನಡುನಡುವೆ ಸ್ವಲ್ಪ ಖಾಲಿ ಜಾಗ ಕೊಟ್ಟರೆ ಪುಟಕ್ಕೆ ಸುಮಾರು 50 ಸಾಲು ಹಿಡಿಯುತ್ತದೆ. ಎರಡು ಪುಟಕ್ಕೆ 100. ನಿಮ್ಮ ಕೈಯಲ್ಲಿರುವ ದುಡ್ಡು ಅಷ್ಟೇ ಅಂದುಕೊಳ್ಳಿ.

ಉದಾಹರಣೆಯ ಸಿ.ವಿ.ಯಲ್ಲಿ 200 ಸಾಲು ಇತ್ತು. ಎಲ್ಲಿ ಎಷ್ಟು ಖರ್ಚಾಗಿತ್ತು, ಎಷ್ಟಕ್ಕೆ ಇಳಿಸಬೇಕು ಎಂದು ಹೀಗೆ ಬರೆದುಕೊಳ್ಳಬಹುದು:

- ಹೆಸರು, ವೈಯಕ್ತಿಕ ವಿವರ, ಪರಿಚಯ, ಕೌಶಲಗಳ ಪಟ್ಟಿ: 45 ಇತ್ತು, 12 ಆಗಬೇಕು
- ಈಗಿನ ಕಂಪನಿ, 2017ರಿಂದ: 48 ಇತ್ತು, 34
- ಅದರ ಹಿಂದಿನದು, 2011–2017: 38 ಇತ್ತು, 22
- ಮೂರನೆಯದು, 2007–2011: 30 ಇತ್ತು, 8
- ಮೊದಲ ಕೆಲಸ, 2004–2007: 16 ಇತ್ತು, 2
- ಓದು, ತರಬೇತಿ, ಭಾಷೆ, ಕೊನೆಯ ಘೋಷಣೆ: 23 ಇತ್ತು, 8

ಒಟ್ಟು 86. ಉಳಿದ 14 ಸಾಲು ತಲೆಬರಹಕ್ಕೆ, ಖಾಲಿ ಜಾಗಕ್ಕೆ.

ಈ ಲೆಕ್ಕ ಸ್ವಲ್ಪ ಹೊತ್ತು ನೋಡಿ. ತೆಗೆಯಬೇಕಾದ 114 ಸಾಲಿನಲ್ಲಿ 84 ಸಾಲು ಬರುವುದು ಮೇಲಿನ ಭಾಗ, ಕೆಳಗಿನ ಭಾಗ ಮತ್ತು ಎರಡು ಹಳೆಯ ಕೆಲಸಗಳಿಂದ. ನಿಮಗೆ ಕೆಲಸ ಕೊಡಿಸುವ ಎರಡು ಮುಖ್ಯ ಅನುಭವಗಳಿಂದ ಹೋಗುವುದು ಬರೀ 30 ಸಾಲು. "ನನ್ನ ಅನುಭವವೆಲ್ಲ ಕತ್ತರಿಸಿ ಹೋಗುತ್ತದೆ" ಎಂಬ ಹೆದರಿಕೆಗೆ ಇದೇ ಉತ್ತರ. ಬಜೆಟ್ ಹಾಕದೆ ಶುರು ಮಾಡಿದವರು ಮೊದಲು ಕತ್ತರಿಸುವುದೇ ಈಗಿನ ಕೆಲಸವನ್ನು. ಉದ್ದವಾಗಿ ಕಾಣುವುದು ಅದೇ ಅಲ್ವಾ!

## ಹಂತ 4: ಇಡೀ ಭಾಗಗಳನ್ನು ತೆಗೆಯಿರಿ

ಮೊದಲು ಸುಲಭದ್ದು. ಹುಟ್ಟಿದ ದಿನ, ತಂದೆಯ ಹೆಸರು, ಮದುವೆ ಆಗಿದೆಯೇ ಇಲ್ಲವೇ, ಧರ್ಮ, ಮನೆಯ ಪೂರ್ತಿ ವಿಳಾಸ, ಹವ್ಯಾಸ, ಈಗಿನ ಸಂಬಳ, ರೆಫರೆನ್ಸ್ ಕೊಡುವವರ ಹೆಸರು, "ಮೇಲಿನದೆಲ್ಲ ಸತ್ಯ" ಎಂಬ ಘೋಷಣೆ, ಊರು, ದಿನಾಂಕ, ಸಹಿ. ಎಲ್ಲ ತೆಗೆಯಿರಿ. ಪಾಸ್‌ಪೋರ್ಟ್ ನಂಬರ್ ಇದ್ದರೆ ಅದನ್ನಂತೂ ತಕ್ಷಣ ತೆಗೆಯಿರಿ. ಸಿ.ವಿ. ಎಷ್ಟು ಕೈ ದಾಟುತ್ತದೆ ಎಂದು ನಿಮಗೆ ತಿಳಿಯುವುದಿಲ್ಲ, ಆ ನಂಬರ್ ದುರುಪಯೋಗ ಆಗಬಹುದು.

ಬ್ರಿಟನ್, ಅಮೆರಿಕ, ಕೆನಡಾದಂಥ ಕಡೆ ವಯಸ್ಸು, ಮದುವೆ, ಧರ್ಮ, ಫೋಟೊ ಇವನ್ನು ಕಂಪನಿಗಳು ನೋಡಲು ಬಯಸುವುದೇ ಇಲ್ಲ. ತಾರತಮ್ಯದ ವಿರುದ್ಧ ಕಾನೂನು ಇದೆ, ಬ್ರಿಟನ್‌ನಲ್ಲಿ 2010ರ ಸಮಾನತಾ ಕಾಯ್ದೆ. ಬೇಡದ ಮಾಹಿತಿ ಕೈಗೆ ಬಂದರೆ ಅವರಿಗೇ ತಲೆನೋವು. ಜರ್ಮನಿಯಲ್ಲಿ ಫೋಟೊ ಕಡ್ಡಾಯವಲ್ಲ, ಆದರೂ ಇಂದಿಗೂ ತುಂಬಾ ಜನ ಹಾಕುತ್ತಾರೆ. ಕೊಲ್ಲಿ ದೇಶಗಳಲ್ಲಿ ಫೋಟೊ, ರಾಷ್ಟ್ರೀಯತೆ, ವೀಸಾ ಸ್ಥಿತಿ ಬರೆಯುವುದು ಮಾಮೂಲು. ಅಲ್ಲಿಗೆ ಕಳಿಸುವುದಾದರೆ ಅವನ್ನು ಒಂದೇ ಸಾಲಿನಲ್ಲಿ ಇಡಿ.

ಒಂದು ಸಾಲು ಮಾತ್ರ ಹೊಸದಾಗಿ ಸೇರಬೇಕು. ಆ ದೇಶದಲ್ಲಿ ಕೆಲಸ ಮಾಡಲು ನಿಮಗೆ ಅನುಮತಿ ಇದೆಯೇ, ಇಲ್ಲವೇ ಕಂಪನಿಯೇ ವೀಸಾಕ್ಕೆ ಸ್ಪಾನ್ಸರ್ ಮಾಡಬೇಕೇ ಎಂಬುದು. ರಿಕ್ರೂಟರ್‌ಗೆ ಬರುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಮುಚ್ಚಿಟ್ಟರೆ ಲಾಭವಿಲ್ಲ, ಮೊದಲ ಫೋನಿನಲ್ಲೇ ಕೇಳುತ್ತಾರೆ.

ಮುಂದೆ ತರಬೇತಿಗಳ ಪಟ್ಟಿ. ಇಪ್ಪತ್ತು ವರ್ಷದಲ್ಲಿ ಹೋಗಿ ಬಂದ ಎಲ್ಲ ಎರಡು ದಿನದ ಕಾರ್ಯಾಗಾರಗಳೂ ಅಲ್ಲಿರುತ್ತವೆ. ಜಾಹೀರಾತಿನ ಐದು ಬೇಡಿಕೆಗೆ ಸೇರುವ, ಪರೀಕ್ಷೆ ಬರೆದು ಪಡೆದ ಸರ್ಟಿಫಿಕೇಟುಗಳನ್ನು ಮಾತ್ರ ಉಳಿಸಿ. ಉದಾಹರಣೆಯಲ್ಲಿ 14 ತರಬೇತಿ ಇತ್ತು. ಉಳಿದದ್ದು ಎರಡು, ಸಿಕ್ಸ್ ಸಿಗ್ಮಾ ಬ್ಲ್ಯಾಕ್ ಬೆಲ್ಟ್ ಮತ್ತು ಸುರಕ್ಷತೆಯದ್ದೊಂದು. ಡಿಗ್ರಿ ಇದ್ದಮೇಲೆ ಶಾಲೆಯ ಅಂಕಗಳು ಬೇಡ. ವರ್ಡ್, ಎಕ್ಸೆಲ್ ಬರುತ್ತದೆ ಎಂದು ಬರೆಯುವುದೂ ಬೇಡ. ಆಪರೇಶನ್ಸ್ ಡೈರೆಕ್ಟರ್ ಆಗುವವರಿಗೆ ಬರುವುದಿಲ್ಲ ಅಂತ ಯಾರೂ ಅಂದುಕೊಳ್ಳುವುದಿಲ್ಲ.

## ಹಂತ 5: ಹಳೆಯ ಕೆಲಸಗಳನ್ನು ಮಡಚಿ

ಹಿರಿಯ ಹುದ್ದೆಗೆ ನೋಡುವುದು ಮುಖ್ಯವಾಗಿ ಕಳೆದ ಹತ್ತು ಹದಿನೈದು ವರ್ಷ. ಅದಕ್ಕಿಂತ ಹಿಂದಿನದು ಇತ್ತು ಎಂದು ಗೊತ್ತಾದರೆ ಸಾಕು. 2004ರ ಕೆಲಸಕ್ಕೆ ಹುದ್ದೆ, ಕಂಪನಿ, ಇಸವಿ ಸೇರಿ ಹೆಚ್ಚೆಂದರೆ ಎರಡು ಸಾಲು, ಬುಲೆಟ್ ಸೊನ್ನೆ. 2007ರದ್ದಕ್ಕೆ ಹೆಚ್ಚೆಂದರೆ ಎರಡು ಬುಲೆಟ್, ಅದೂ ಮುಂದಿನ ಕೆಲಸಗಳಲ್ಲಿ ಇಲ್ಲದ ಸಂಗತಿಗೆ ಮಾತ್ರ. ನಮ್ಮ ಮ್ಯಾನೇಜರ್ ಆಗ ಒಂದು ಹೊಸ ಕಾರ್ಖಾನೆಯನ್ನು ಖಾಲಿ ಜಾಗದಿಂದ ಕಟ್ಟಿಸಿ ಉತ್ಪಾದನೆ ಶುರು ಮಾಡಿಸಿದ್ದರು. ಅದು ಉಳಿಯಿತು. ಶಿಫ್ಟ್ ನೋಡಿಕೊಂಡದ್ದು, ಸ್ಟಾಕ್ ಲೆಕ್ಕ ಇಟ್ಟದ್ದು ಹೋಯಿತು.

ಇಲ್ಲಿ ಒಂದು ದೊಡ್ಡ ತಪ್ಪು ಆಗುತ್ತದೆ. ಜಾಗ ಉಳಿಸಲು ಕೆಲವರು ಹಳೆಯ ಕೆಲಸವನ್ನೇ ಪೂರ್ತಿ ಅಳಿಸುತ್ತಾರೆ, ಅಥವಾ ತಿಂಗಳು ತೆಗೆದು ಬರೀ ಇಸವಿ ಇಡುತ್ತಾರೆ. ತೀರ ಹಳೆಯದಕ್ಕೆ ಇಸವಿ ಸಾಕು. ಆದರೆ ಕೊನೆಯ ಎರಡು ಕಂಪನಿಗಳಿಗೆ ತಿಂಗಳು ಇರಲೇಬೇಕು. ಕೆಲಸ ಖಚಿತವಾಗುವಾಗ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ, ಆಗ ಸಿ.ವಿ.ಯ ದಿನಾಂಕವೂ ಹಳೆಯ ಕಂಪನಿಯ ದಾಖಲೆಯೂ ಹೊಂದಬೇಕು. ನಡುವೆ ಎಂಟು ತಿಂಗಳು ಬಿಡುವು ಇದ್ದರೆ ಅದನ್ನು ಮುಚ್ಚಲು ಹೋಗಬೇಡಿ.

ಒಂದೇ ಕಂಪನಿಯಲ್ಲಿ ಎರಡು ಮೂರು ಹುದ್ದೆ ಏರಿದ್ದರೆ ಕಂಪನಿಯ ಹೆಸರು ಒಮ್ಮೆ ಮಾತ್ರ ಬರೆಯಿರಿ. ಅದರ ಕೆಳಗೆ ಹುದ್ದೆಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿ. ಪ್ರತಿ ಹುದ್ದೆಯನ್ನು ಹೊಸ ಕೆಲಸದಂತೆ ಬರೆದರೆ ನಾಲ್ಕೈದು ಸಾಲು ಸುಮ್ನೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೇಲಿಂದ ಮೇಲೆ ಕಣ್ಣಾಡಿಸುವವರಿಗೆ ನೀವು ಪದೇ ಪದೇ ಕಂಪನಿ ಬದಲಿಸಿದವರಂತೆ ಕಾಣುತ್ತೀರಿ. ಭಡ್ತಿ ಸಿಕ್ಕಿದ್ದು ನಿಮಗೆ ತಿರುಗುಬಾಣ ಆಗಬಾರದು.

## ಹಂತ 6: ಕೆಲಸಕ್ಕೊಂದು ಅಳತೆಯ ಸಾಲು, ಆಮೇಲೆ ಬುಲೆಟ್‌ಗಳು

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಹಂತ ಇದೇ. ಬಾಕಿ ಹಂತಗಳು ಒಂದು ಸಂಜೆಯಲ್ಲಿ ಮುಗಿದರೂ ಇದನ್ನು ಎರಡು ದಿನಕ್ಕೆ ಹಂಚಿಕೊಳ್ಳಿ.

ವಿದೇಶದಲ್ಲಿ ಓದುವವರಿಗೆ ನಿಮ್ಮ ಕಂಪನಿ ಗೊತ್ತಿರುವುದಿಲ್ಲ. ನಿಮ್ಮ ಹುದ್ದೆಯ ಹೆಸರೂ ಅಷ್ಟೇ. "ಡೆಪ್ಯುಟಿ ಜನರಲ್ ಮ್ಯಾನೇಜರ್" ಎಂದರೆ ಎಷ್ಟು ದೊಡ್ಡದು? ಒಂದು ಕಂಪನಿಯಲ್ಲಿ ಅವರ ಕೈಕೆಳಗೆ 8 ಜನ, ಇನ್ನೊಂದರಲ್ಲಿ 800. ಆದ್ದರಿಂದ ಮುಖ್ಯ ಕೆಲಸಗಳ ಕೆಳಗೆ ಮೊದಲು ಒಂದು ಅಳತೆಯ ಸಾಲು ಬರೆಯಿರಿ. ಕಂಪನಿ ಏನು ಮಾಡುತ್ತದೆ, ನಿಮ್ಮ ಜವಾಬ್ದಾರಿ ಎಷ್ಟು ದೊಡ್ಡದು, ನೀವು ಯಾರಿಗೆ ವರದಿ ಮಾಡುತ್ತೀರಿ. ಉದಾಹರಣೆಯಲ್ಲಿ ಅದು ಹೀಗಾಯಿತು:

"ಆಹಾರ ಪ್ಯಾಕೇಜಿಂಗ್ ತಯಾರಕರು. ಎರಡು ಕಾರ್ಖಾನೆ, 620 ಜನ, ವರ್ಷಕ್ಕೆ 38 ಮಿಲಿಯನ್ ಡಾಲರ್ ವಹಿವಾಟಿನ ಲಾಭ ನಷ್ಟದ ಹೊಣೆ. ಸಿ.ಇ.ಒ.ಗೆ ನೇರ ವರದಿ."

ಈ ಒಂದೂವರೆ ಸಾಲು ಬಂದಮೇಲೆ ಹಳೆಯ ಆರು ಬುಲೆಟ್ ತಾವಾಗಿಯೇ ಬಿದ್ದುಹೋದವು. ತಂಡ ಮುನ್ನಡೆಸಿದ್ದು, ಬಜೆಟ್ ನೋಡಿಕೊಂಡದ್ದು, ಮ್ಯಾನೇಜ್‌ಮೆಂಟ್‌ಗೆ ವರದಿ ಕೊಟ್ಟದ್ದು, ಎಲ್ಲ ಇದರಲ್ಲೇ ಬಂದುಬಿಟ್ಟಿದೆ. ಜೊತೆಗೆ ಜಾಹೀರಾತಿನ ಮೊದಲ ಎರಡು ಬೇಡಿಕೆಗೂ ಉತ್ತರ ಸಿಕ್ಕಿತು.

ಈಗ ಬುಲೆಟ್‌ಗಳು. ಹಿರಿಯರ ಸಿ.ವಿ. ಉಬ್ಬುವುದಕ್ಕೆ ಮುಖ್ಯ ಕಾರಣ ಹುದ್ದೆಯ ಕರ್ತವ್ಯಗಳನ್ನೂ ಫಲಿತಾಂಶಗಳನ್ನೂ ಬೇರೆ ಬೇರೆ ಬುಲೆಟ್ ಮಾಡುವುದು. ಈಗಿನ ಕೆಲಸದಲ್ಲಿ ಇದ್ದ ಈ ನಾಲ್ಕನ್ನು ನೋಡಿ:

- ಉತ್ಪಾದನೆ, ಮೇಂಟೆನೆನ್ಸ್, ಕ್ವಾಲಿಟಿ ವಿಭಾಗಗಳ ನಡುವೆ ಸಮನ್ವಯ
- ಲೀನ್ ಕ್ರಮಗಳ ಯಶಸ್ವಿ ಜಾರಿ
- ಯಂತ್ರಗಳ ಸೆಟ್‌ಅಪ್ ಸಮಯ ಕಡಿಮೆ ಮಾಡುವಲ್ಲಿ ಪ್ರಮುಖ ಪಾತ್ರ
- ವೇಸ್ಟ್‌ನಲ್ಲಿ ಶೇ. 40 ಇಳಿಕೆ

ನಾಲ್ಕೂ ಒಂದೇ ಕೆಲಸದ ತುಂಡುಗಳು. ಅವರನ್ನು ಕೇಳಿದಾಗ ನಡೆದದ್ದು ಇಷ್ಟು. ಪ್ರಿಂಟಿಂಗ್ ಲೈನ್‌ನಲ್ಲಿ ಒಂದು ಜಾಬ್ ಮುಗಿದು ಇನ್ನೊಂದು ಶುರುವಾಗಲು 95 ನಿಮಿಷ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಓಡಿದ ಫಿಲ್ಮ್ ಎಲ್ಲ ವೇಸ್ಟ್. ಸೆಟ್‌ಅಪ್ ಕ್ರಮ ಬದಲಿಸಿ ಅದನ್ನು 50 ನಿಮಿಷಕ್ಕೆ ತಂದರು, ವೇಸ್ಟ್ ತಾನಾಗಿ ಇಳಿಯಿತು. ಹೊಸ ಬುಲೆಟ್:

"ಎರಡು ಪ್ರಿಂಟಿಂಗ್ ಲೈನ್‌ಗಳಲ್ಲಿ ಜಾಬ್ ಬದಲಿಸುವ ಸಮಯವನ್ನು 95ರಿಂದ 50 ನಿಮಿಷಕ್ಕೆ ಇಳಿಸಿ, 18 ತಿಂಗಳಲ್ಲಿ ಫಿಲ್ಮ್ ವೇಸ್ಟ್ ಅನ್ನು ಶೇ. 9ರಿಂದ ಶೇ. 5.4ಕ್ಕೆ ತಂದೆ."

ನಾಲ್ಕು ಬುಲೆಟ್ ಇದ್ದಲ್ಲಿ ಒಂದು. ಜಾಗ ಉಳಿಯಿತು, ಮಾಹಿತಿ ಜಾಸ್ತಿಯಾಯಿತು. ಶೇ. 40 ಇಳಿಕೆ ಎಂಬ ಹಳೆಯ ಸಾಲು ಸುಳ್ಳೇನಲ್ಲ, 9ರಿಂದ 5.4ಕ್ಕೆ ಬಂದರೆ ಶೇ. 40 ಇಳಿದಂತೆಯೇ. ಆದರೆ ಎಲ್ಲಿಂದ ಎಲ್ಲಿಗೆ ಎಂದು ಹೇಳದ ಶೇಕಡಾವಾರು ಅನುಭವಿ ಓದುಗರಲ್ಲಿ ಅನುಮಾನ ಹುಟ್ಟಿಸುತ್ತದೆ. ಎರಡು ತುದಿಯ ಅಂಕಿ ಕೊಟ್ಟರೆ ಸಂದರ್ಶನದಲ್ಲಿ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಬುಲೆಟ್ ಬರೆಯುವಾಗ ನಾಲ್ಕು ವಿಷಯ ಗಮನಿಸಿ.

ಒಂದೇ ಸಂಗತಿ ಎರಡು ಕಂಪನಿಯಲ್ಲಿ ಬೇಡ. ಮೂರು ಕೆಲಸಗಳಲ್ಲೂ "ವೇಸ್ಟ್ ಇಳಿಸಿದೆ" ಎಂದಿದ್ದರೆ ಎಲ್ಲಿ ದೊಡ್ಡ ಫಲಿತಾಂಶ ಬಂತೋ ಅಲ್ಲಿ ಇಟ್ಟು, ಉಳಿದ ಕಡೆ ಬೇರೆ ಬೇಡಿಕೆಗೆ ಸಾಕ್ಷಿ ಕೊಡಿ. ಹಂತ 2ರ ಪಟ್ಟಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಐದು ಬೇಡಿಕೆಗೂ ಕನಿಷ್ಠ ಒಂದೊಂದು ಬುಲೆಟ್ ಸಿಗಬೇಕು, ಮೊದಲ ಎರಡಕ್ಕೆ ಎರಡು ಮೂರು.

ಲಕ್ಷ, ಕೋಟಿ ಬೇಡ. ಹೊರಗಿನವರಿಗೆ ಅದು ಅರ್ಥವಾಗುವುದಿಲ್ಲ. 10 ಲಕ್ಷ ಅಂದರೆ 1 ಮಿಲಿಯನ್, 1 ಕೋಟಿ ಅಂದರೆ 10 ಮಿಲಿಯನ್. ಡಾಲರ್‌ಗೋ ಪೌಂಡ್‌ಗೋ ಬದಲಿಸುವಾಗ ಆಯಾ ವರ್ಷದ ದರ ಹಿಡಿಯಿರಿ, ಹತ್ತಿರದ ಪೂರ್ಣ ಅಂಕಿಗೆ ತನ್ನಿ, ಇಡೀ ಸಿ.ವಿ.ಯಲ್ಲಿ ಒಂದೇ ಕರೆನ್ಸಿ ಇರಲಿ. ಸೊನ್ನೆ ತಪ್ಪುವುದು ಇಲ್ಲೇ, ಎರಡು ಸಲ ನೋಡಿ.

ಗುಟ್ಟಿನ ಅಂಕಿ ಬೇಡ. ಕಂಪನಿಯ ವಹಿವಾಟು ಬಹಿರಂಗ ವರದಿಯಲ್ಲಿ ಬಂದಿದ್ದರೆ ಬರೆಯಬಹುದು. ಒಬ್ಬ ಗ್ರಾಹಕನ ಬೆಲೆ, ಹೊರಗೆ ಬಾರದ ಮಾರ್ಜಿನ್, ಒಪ್ಪಂದದ ಮೊತ್ತ ಇಂಥದ್ದನ್ನು ಬರೆಯಬೇಡಿ. ಅದನ್ನು ನೋಡಿದ ಹೊಸ ಕಂಪನಿ ಖುಷಿಪಡುವುದಿಲ್ಲ, ನಾಳೆ ನಮ್ಮ ಗುಟ್ಟೂ ಹೀಗೇ ಹೊರಗೆ ಹೋಗುತ್ತದೆ ಅಂದುಕೊಳ್ಳುತ್ತದೆ. ಅಂಥ ಕಡೆ ಅನುಪಾತ ಅಥವಾ ಸಮಯದಲ್ಲಿ ಹೇಳಿ.

ನೀವು ಮಾಡಿದ್ದು ಎಷ್ಟು? "ಪ್ರಮುಖ ಪಾತ್ರ", "ತೊಡಗಿಸಿಕೊಂಡಿದ್ದೆ", "ಸಹಕರಿಸಿದೆ" ಎಂಬ ಮಾತುಗಳು ಜಾಗ ತಿನ್ನುತ್ತವೆ, ಏನನ್ನೂ ಹೇಳುವುದಿಲ್ಲ. ನೀವು ತೀರ್ಮಾನ ತೆಗೆದುಕೊಂಡಿರಾ, ಯೋಜನೆ ನಡೆಸಿದಿರಾ, ಒಪ್ಪಿಗೆ ಕೊಟ್ಟಿರಾ? ಆ ಕ್ರಿಯಾಪದದಿಂದಲೇ ಬುಲೆಟ್ ಶುರು ಮಾಡಿ. ಇಂಗ್ಲಿಷಿನಲ್ಲಿ ಬರೆಯುವಾಗ "ನಾನು" ಎಂಬ ಪದವೂ ಬೇಡ.

ಒಂದು ಬುಲೆಟ್ ಎರಡು ಸಾಲು ಮೀರದಿರಲಿ. ಈಗಿನ ಹುದ್ದೆಗೆ ಆರೇಳು, ಅದರ ಹಿಂದಿನದಕ್ಕೆ ನಾಲ್ಕೈದು. ಅಂಕಿಯೇ ಇಲ್ಲದ ಸಾಧನೆಯೂ ಇರುತ್ತದೆ. ಸಂಘದ ಜೊತೆ ಒಂದು ದಿನವೂ ಕೆಲಸ ನಿಲ್ಲದೆ ಎರಡು ವೇತನ ಒಪ್ಪಂದ ಮಾಡಿಸಿದ್ದು ಅಂಥದ್ದು. ಅದಕ್ಕೆ ಬಲವಂತವಾಗಿ ಶೇಕಡಾವಾರು ಅಂಟಿಸಬೇಡಿ, ಏನಾಯಿತು ಎಂದು ಹೇಳಿದರೆ ಸಾಕು.

## ಹಂತ 7: ಮೇಲಿನ ಪರಿಚಯವನ್ನು ಈಗ ಬರೆಯಿರಿ

ಪರಿಚಯದ ಪ್ಯಾರಾ ಸಿ.ವಿ.ಯ ಮೇಲ್ಭಾಗದಲ್ಲಿದ್ದರೂ ಅದನ್ನು ಕೊನೆಗೇ ಬರೆಯಬೇಕು. ಮೊದಲೇ ಬರೆದರೆ "ಫಲಿತಾಂಶಕ್ಕೆ ಬದ್ಧರಾದ, ಬಹುಮುಖ ಅನುಭವದ ನಾಯಕ" ಎಂಬ ಹಳೇ ರಾಗವೇ ಬರುತ್ತದೆ. ಆ ವಾಕ್ಯವನ್ನು ಯಾರ ಸಿ.ವಿ.ಗೆ ಹಾಕಿದರೂ ಹೊಂದುತ್ತದೆ. ಅಂದಮೇಲೆ ಅದು ನಿಮ್ಮದಲ್ಲ.

ಬುಲೆಟ್‌ಗಳೆಲ್ಲ ಕೂತಮೇಲೆ ಅವುಗಳಲ್ಲಿ ಗಟ್ಟಿಯಾದ ಎರಡನ್ನು ಆರಿಸಿ, ನಾಲ್ಕೈದು ಸಾಲು ಮಾಡಿ. ಉದಾಹರಣೆಯದು: "ಆಹಾರ ಪ್ಯಾಕೇಜಿಂಗ್‌ನಲ್ಲಿ 20 ವರ್ಷದ ಅನುಭವದ ಆಪರೇಶನ್ಸ್ ಮುಖ್ಯಸ್ಥೆ. ಸದ್ಯ ಎರಡು ಕಾರ್ಖಾನೆ, 620 ಜನ, 38 ಮಿಲಿಯನ್ ಡಾಲರ್ ವಹಿವಾಟಿನ ಹೊಣೆ. ಫಿಲ್ಮ್ ವೇಸ್ಟ್ ಅನ್ನು ಶೇ. 9ರಿಂದ 5.4ಕ್ಕೆ ಇಳಿಸಿದ್ದು, ಕೆಲಸ ನಿಲ್ಲದೆ ಎರಡು ವೇತನ ಒಪ್ಪಂದ ಮಾಡಿಸಿದ್ದು ಇತ್ತೀಚಿನ ಕೆಲಸಗಳು. ಬ್ರಿಟನ್‌ನಲ್ಲಿ ಕೆಲಸಕ್ಕೆ ವೀಸಾ ಸ್ಪಾನ್ಸರ್‌ಶಿಪ್ ಬೇಕು."

ಕೌಶಲಗಳ ಪಟ್ಟಿ ಮೂರು ಸಾಲು ಸಾಕು, ಜಾಹೀರಾತಿನಲ್ಲಿ ಬಳಸಿದ ಪದಗಳನ್ನೇ ಬಳಸಿ. ಕಂಪನಿಯ ಸಾಫ್ಟ್‌ವೇರ್ ಆ ಪದಗಳಿಂದಲೇ ಹುಡುಕುವುದು. ಆದರೆ ಕೆಳಗೆ ಬುಲೆಟ್‌ನಲ್ಲಿ ಸಾಕ್ಷಿ ಇಲ್ಲದ ಕೌಶಲ ಅಲ್ಲಿರಬಾರದು.

## ಹಂತ 8: ಕೊನೆಗೆ ಪುಟ ಜೋಡಣೆ

ಈಗ ಫೈಲ್ ಸುಮಾರು ಎರಡು ಪುಟಕ್ಕೆ ಬಂದಿರುತ್ತದೆ, ಹೆಚ್ಚೆಂದರೆ ಏಳೆಂಟು ಸಾಲು ಜಾಸ್ತಿ. ಅದಕ್ಕಿಂತ ಹೆಚ್ಚು ಉಳಿದಿದ್ದರೆ ಫಾಂಟ್ ಮುಟ್ಟದೆ ಹಂತ 6ಕ್ಕೆ ವಾಪಸ್ ಹೋಗಿ.

ಹಾಳೆಯ ಅಳತೆಯನ್ನು ಮೊದಲು ಸರಿಮಾಡಿ. ಅಮೆರಿಕ, ಕೆನಡಾಕ್ಕೆ ಲೆಟರ್ ಹಾಳೆ, ಉಳಿದ ಹೆಚ್ಚಿನ ದೇಶಗಳಿಗೆ ಎ4. ಎ4 ಎತ್ತರ 297 ಮಿಲಿಮೀಟರ್, ಲೆಟರ್ 279. ಪುಟಕ್ಕೆ ಮೂರ್ನಾಲ್ಕು ಸಾಲು ಕಡಿಮೆ ಹಿಡಿಯುತ್ತದೆ. ಎ4ನಲ್ಲಿ ಅಂಚಿನವರೆಗೆ ತುಂಬಿದ ಸಿ.ವಿ. ಅಲ್ಲಿ ಮೂರನೇ ಪುಟಕ್ಕೆ ಎರಡು ಸಾಲು ಚೆಲ್ಲುತ್ತದೆ. ನಿಮ್ಮ ಪರದೆಯಲ್ಲಿ ಇದು ಕಾಣುವುದೇ ಇಲ್ಲ.

ಫಾಂಟ್ 10.5ಕ್ಕಿಂತ ಕೆಳಗೆ ಬೇಡ, ಮಾರ್ಜಿನ್ 1.8 ಸೆಂಟಿಮೀಟರಿಗಿಂತ ಕಡಿಮೆ ಬೇಡ. ಎರಡು ಕಾಲಂ, ಟೇಬಲ್, ಟೆಕ್ಸ್ಟ್ ಬಾಕ್ಸ್, ಕೌಶಲಕ್ಕೆ ಚುಕ್ಕಿ ಹಾಕಿ ತೋರಿಸುವ ಚಿತ್ರ ಇವು ನೋಡಲು ಚೆಂದ, ಆದರೆ ಅರ್ಜಿ ಓದುವ ಸಾಫ್ಟ್‌ವೇರ್‌ಗಳು ಎಷ್ಟೋ ಸಲ ಇವನ್ನು ತಪ್ಪು ಕ್ರಮದಲ್ಲಿ ಓದುತ್ತವೆ. ಫೋನ್, ಇಮೇಲ್‌ಗಳನ್ನು ಹೆಡರ್‌ನಲ್ಲಿ ಇಡಬೇಡಿ, ಕೆಲವು ಸಾಫ್ಟ್‌ವೇರ್ ಹೆಡರನ್ನು ಓದುವುದೇ ಇಲ್ಲ.

ಮೊದಲ ಪುಟ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ನೋಡಿ. ಈಗಿನ ಕೆಲಸ ಪೂರ್ತಿ ಮೊದಲ ಪುಟದಲ್ಲೇ ಬರಬೇಕು. ಹುದ್ದೆಯ ಹೆಸರು ಪುಟದ ತಳದಲ್ಲಿ ಒಂಟಿಯಾಗಿ ಉಳಿದು ಬುಲೆಟ್‌ಗಳು ಮುಂದಿನ ಪುಟಕ್ಕೆ ಹೋಗಿದ್ದರೆ, ವರ್ಡ್‌ನಲ್ಲಿ ಆ ಸಾಲಿಗೆ Keep with next ಆಯ್ಕೆ ಹಾಕಿ.

ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 03/04/2017 ಎಂದರೆ ಬ್ರಿಟನ್‌ನಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4.

## ಹಂತ 9: ಕಳಿಸುವ ಮೊದಲು ಪರೀಕ್ಷೆ

ಪಿ.ಡಿ.ಎಫ್. ಮಾಡಿ, ತೆರೆದು, Ctrl+A, Ctrl+C ಒತ್ತಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಹೆಸರು, ಫೋನ್, ಕೆಲಸಗಳು, ದಿನಾಂಕ ಎಲ್ಲ ಸರಿಯಾದ ಕ್ರಮದಲ್ಲಿ ಬಂದರೆ ಆಯಿತು. ದಿನಾಂಕಗಳೆಲ್ಲ ಒಂದು ಕಡೆ ಗುಡ್ಡೆಯಾಗಿ ಬಿದ್ದಿದ್ದರೆ ಎಲ್ಲೋ ಟೇಬಲ್ ಅಡಗಿದೆ. ಆದರೆ ಪೋರ್ಟಲ್ ವರ್ಡ್ ಫೈಲ್ ಕೇಳಿದರೆ ವರ್ಡ್ ಫೈಲನ್ನೇ ಕೊಡಿ, ಕೊಡುವ ಮೊದಲು ಟ್ರ್ಯಾಕ್ ಚೇಂಜಸ್ ಗುರುತು, ಪಕ್ಕದ ಕಾಮೆಂಟ್ ಉಳಿದಿದೆಯೇ ನೋಡಿ. ಫೈಲ್‌ನ Properties ಒಳಗೆ ಹಳೆಯ ಟೈಟಲ್ ಉಳಿದಿರುವುದೂ ಉಂಟು. ಬೇರೆ ಕಂಪನಿಗೆಂದು ಮಾಡಿದ್ದ ಸಿ.ವಿ.ಯ ಹೆಸರು ಅಲ್ಲಿ ಕಂಡರೆ ಮುಜುಗರ.

ಫೈಲ್ ಹೆಸರಿನಲ್ಲಿ ನಿಮ್ಮ ಹೆಸರು ಮತ್ತು ಹುದ್ದೆ ಇರಲಿ. `CV_final_new2.pdf` ಎಂದು ಕಳಿಸಬೇಡಿ. ಫೋನ್ ನಂಬರಿಗೆ ದೇಶದ ಕೋಡ್ ಇರಬೇಕು. ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಇರುವ ಹುದ್ದೆ ಮತ್ತು ದಿನಾಂಕ ಸಿ.ವಿ.ಯ ಜೊತೆ ಹೊಂದುತ್ತದೆಯೇ ನೋಡಿ. ಉದ್ದ ಹೇಗಿದ್ದರೂ ಪರವಾಗಿಲ್ಲ, ದಿನಾಂಕ ಮಾತ್ರ ಬೇರೆ ಬೇರೆ ಆಗಬಾರದು.

ಕೊನೆಯದಾಗಿ, ನಿಮ್ಮ ಕ್ಷೇತ್ರದವರಲ್ಲದ ಒಬ್ಬರಿಗೆ ಮೊದಲ ಪುಟವನ್ನು ಅರ್ಧ ನಿಮಿಷ ಕೊಟ್ಟು ವಾಪಸ್ ತೆಗೆದುಕೊಳ್ಳಿ. ಇವರು ಏನು ಕೆಲಸ ಮಾಡುತ್ತಾರೆ, ಎಷ್ಟು ದೊಡ್ಡ ಜವಾಬ್ದಾರಿ, ಏನು ಬದಲಾಯಿಸಿದ್ದಾರೆ ಎಂದು ಕೇಳಿ. ಮೂರರಲ್ಲಿ ಎರಡಕ್ಕೂ ಉತ್ತರ ಬಾರದಿದ್ದರೆ ಅಳತೆಯ ಸಾಲೂ ಪರಿಚಯವೂ ಇನ್ನೂ ಸರಿಯಾಗಿಲ್ಲ.

## ದಾರಿ ತಪ್ಪಿದೆ ಎಂದು ತಿಳಿಯುವುದು ಹೇಗೆ

ಎಲ್ಲ ಕೆಲಸಗಳಿಗೂ ಹೆಚ್ಚುಕಮ್ಮಿ ಒಂದೇ ಸಂಖ್ಯೆಯ ಬುಲೆಟ್ ಇದ್ದರೆ ನೀವು ಬಜೆಟ್ ಬಿಟ್ಟು ಸಮನಾಗಿ ಕೆರೆದಿದ್ದೀರಿ, ಹಂತ 3ಕ್ಕೆ ಹೋಗಿ. ಬುಲೆಟ್‌ಗಳು ಕ್ರಿಯಾಪದವೇ ಇಲ್ಲದೆ ತುಂಡು ಪದಗಳಾಗಿದ್ದರೆ ಇಡೀ ಬುಲೆಟ್ ತೆಗೆಯಬೇಕಾದ ಕಡೆ ಪದ ತೆಗೆದಿದ್ದೀರಿ. ಎರಡನೇ ಪುಟ ಅರ್ಧಕ್ಕೇ ನಿಂತಿದ್ದರೆ ಜಾಸ್ತಿ ಕತ್ತರಿಸಿದ್ದೀರಿ. ತಾಯಿ ಪ್ರತಿಯಿಂದ ಮೊದಲ ಬಣ್ಣದ ಗುರುತಿರುವ ಎರಡು ಬುಲೆಟ್ ವಾಪಸ್ ತನ್ನಿ. ಓದುವಾಗ ಯಾವುದಾದರೂ ಸಾಲಿಗೆ "ಇದನ್ನು ಸಂದರ್ಶನದಲ್ಲಿ ಕೇಳದಿದ್ದರೆ ಸಾಕು" ಅನ್ನಿಸಿದರೆ ಆ ಸಾಲು ಇರಬಾರದು.

ಮುಂದಿನ ಅರ್ಜಿ ಹಾಕುವಾಗ ಈ ಎರಡು ಪುಟವನ್ನೇ ತಿದ್ದಲು ಹೋಗಬೇಡಿ. ಹೊಸ ಜಾಹೀರಾತಿನ ಐದು ಬೇಡಿಕೆ ಬೇರೆ ಇರುತ್ತವೆ, ಅದಕ್ಕೆ ಬೇಕಾದ ಬುಲೆಟ್ ಈ ಸಲ ಕತ್ತರಿಸಿದ್ದರಲ್ಲೇ ಇರಬಹುದು. ತಾಯಿ ಪ್ರತಿಯನ್ನು ತೆರೆದು ಹಂತ 2ರಿಂದ ಶುರು ಮಾಡಿ.